ಆಸ್ಟ್ರೇಲಿಯಾದ ಇಪ್ಪತ್ತೇಳನೇ ಪೇ: ಯಾರಿಗೆ, ಯಾವ ವರ್ಷ, ಲೆಕ್ಕ ಎಲ್ಲಿ ತಪ್ಪುತ್ತದೆ

ಊರಿನಿಂದ ಹೊಸದಾಗಿ ಬಂದವರಿಗೆ ಎರಡು ವಾರಕ್ಕೊಮ್ಮೆ ಸಂಬಳ ಬರುವುದು ಬೇಗ ರೂಢಿಯಾಗುತ್ತದೆ. ಒಂದೇ ತಿಂಗಳಲ್ಲಿ ಮೂರನೇ ಪೇ ಬಿದ್ದರೆ ಮಾತ್ರ ಹಲವರು ಅದನ್ನು ಬೋನಸ್ ಎಂದುಕೊಳ್ಳುತ್ತಾರೆ. ಅದು ಬೋನಸ್ ಅಲ್ಲ. ವರ್ಷಕ್ಕೆ 26 ಪೇ ಇದ್ದರೂ ಎರಡು ತಿಂಗಳಲ್ಲಿ ಮೂರು ಮೂರು ಬಂದೇ ಬರುತ್ತವೆ. ನಿಜವಾಗಿ ಗಮನಿಸಬೇಕಾದದ್ದು ಬೇರೆ: ಕೆಲವು ಹಣಕಾಸು ವರ್ಷಗಳಲ್ಲಿ 26ರ ಬದಲು 27 ಪೇ ಬರುತ್ತವೆ. ಆ ವರ್ಷ ಟ್ಯಾಕ್ಸ್ ರಿಟರ್ನ್ ಹಾಕಿದಾಗ ವಾಪಸ್ ಬರುತ್ತದೆ ಎಂದು ಕಾಯುತ್ತಿದ್ದವರೇ ತೆರಿಗೆ ಇಲಾಖೆಯಾದ ಎಟಿಒಗೆ ದುಡ್ಡು ಕಟ್ಟಬೇಕಾಗಬಹುದು.

ಕಾರಣ ಸರಳ. 26 ಫೋರ್ಟ್‌ನೈಟ್ ಎಂದರೆ 364 ದಿನ. ವರ್ಷಕ್ಕೆ ಒಂದು ದಿನ ಉಳಿಯುತ್ತದೆ, ಫೆಬ್ರವರಿ 29 ಬಂದರೆ ಎರಡು ದಿನ. ಈ ಚಿಲ್ಲರೆ ದಿನಗಳು ಸೇರಿ ಹದಿನಾಲ್ಕಾದಾಗ ಒಂದು ಪೇ ಹೆಚ್ಚಾಗುತ್ತದೆ. ಅದಕ್ಕೆ ಹನ್ನೊಂದು ವರ್ಷದ ಆಸುಪಾಸು ಹಿಡಿಯುತ್ತದೆ. ಇಲ್ಲಿನ ಹಣಕಾಸು ವರ್ಷ ಜುಲೈ 1ರಿಂದ ಜೂನ್ 30ರವರೆಗೆ ಇರುವುದರಿಂದ ನಿಯಮ ಇಷ್ಟೇ: ಸಾಮಾನ್ಯ ವರ್ಷದಲ್ಲಿ ನಿಮ್ಮ ಪೇ-ಡೇ ಸರಿಯಾಗಿ ಜುಲೈ 1ರಂದೇ ಬಿದ್ದರೆ 27, ಇಲ್ಲದಿದ್ದರೆ 26. ನಡುವೆ ಫೆಬ್ರವರಿ 29 ಇರುವ ವರ್ಷದಲ್ಲಿ ಜುಲೈ 1 ಅಥವಾ 2, ಎರಡರಲ್ಲಿ ಯಾವುದಾದರೂ ಸಾಕು.

2026–27ನೇ ಸಾಲನ್ನೇ ನೋಡಿ. 2026ರ ಜುಲೈ 1 ಬುಧವಾರ. ಅಂದು ಸಂಬಳ ಬಂದವರಿಗೆ ಆ ವರ್ಷದ ಕೊನೆಯ ಪೇ 2027ರ ಜೂನ್ 30ಕ್ಕೆ, ಒಟ್ಟು 27. ಅವರಿಗೆ ಜುಲೈ, ಡಿಸೆಂಬರ್, ಜೂನ್, ಹೀಗೆ ಮೂರು ತಿಂಗಳಲ್ಲಿ ಮೂರು ಮೂರು ಪೇ ಬರುತ್ತವೆ. ಪಕ್ಕದ ಮನೆಯವರಿಗೂ ಬುಧವಾರವೇ ಸಂಬಳ, ಆದರೆ ಅವರ ಸರದಿ ಜುಲೈ 8ಕ್ಕೆ ಶುರುವಾಗುತ್ತದೆ ಎಂದುಕೊಳ್ಳಿ. ಅವರಿಗೆ 26 ಮಾತ್ರ. ಹಾಗಾಗಿ ‘ಈ ವರ್ಷ 27 ಪೇ ಅಂತೆ’ ಎಂದು ಯಾರೋ ಹೇಳಿದರೆ ಅದು ಅವರ ಕಂಪನಿಯ ಮಾತು, ನಿಮ್ಮದಾಗಬೇಕಿಲ್ಲ. ಈ ಜುಲೈ 1ರ ಸರದಿಯವರಿಗೆ ಹಿಂದೆ 2015–16ರಲ್ಲೂ 27 ಬಂದಿದ್ದವು, ಮುಂದೆ 2037–38ರಲ್ಲಿ ಬರುತ್ತವೆ. 2027–28ರಲ್ಲಿ ಫೆಬ್ರವರಿ 29 ಇದೆ. ಅಲ್ಲಿ 2027ರ ಜುಲೈ 1ರ ಗುರುವಾರದವರಿಗೂ ಜುಲೈ 2ರ ಶುಕ್ರವಾರದವರಿಗೂ 27.

ಎಣಿಸುವ ತಾಪತ್ರಯ ಬೇಡವೆಂದರೆ ಎಕ್ಸೆಲ್‌ನ A1ರಲ್ಲಿ ನಿಮ್ಮ ಯಾವುದಾದರೂ ಒಂದು ಪೇ-ಡೇ ತಾರೀಖು ಹಾಕಿ, ಪಕ್ಕದ ಚೌಕದಲ್ಲಿ ಇದನ್ನು ಬರೆಯಿರಿ. ಬೇರೆ ವರ್ಷಕ್ಕೆ ತಾರೀಖುಗಳನ್ನಷ್ಟೇ ಬದಲಿಸಿ.

```
=INT((DATE(2027,6,30)-DATE(2026,7,1)-MOD(A1-DATE(2026,7,1),14))/14)+1
```

A1ರಲ್ಲಿ ಹಾಕಬೇಕಾದದ್ದು ದುಡ್ಡು ಕೊಟ್ಟ ತಾರೀಖು, ಕೆಲಸ ಮಾಡಿದ ಅವಧಿ ಮುಗಿದ ತಾರೀಖಲ್ಲ. ಬಹಳ ಜನ ಎಡವುವುದು ಇಲ್ಲೇ. ಪೇಸ್ಲಿಪ್‌ನಲ್ಲಿ ಎರಡೂ ಇರುತ್ತವೆ. ಸಂಬಳಕ್ಕೆ ತೆರಿಗೆ ಲೆಕ್ಕವಾಗುವುದು ಅದನ್ನು ಕೊಟ್ಟ ದಿನದ ಮೇಲೆ. ಜೂನ್‌ನಲ್ಲಿ ದುಡಿದದ್ದಕ್ಕೆ ಜುಲೈ 1ರಂದು ದುಡ್ಡು ಬಂದರೆ ಅದು ಪೂರ್ತಿ ಹೊಸ ವರ್ಷದ ಆದಾಯ. ಪೇ-ಡೇ ಅಂಚಿನಲ್ಲಿದ್ದು ಕಂಪನಿ ಒಂದು ದಿನ ಮುಂಚೆ ಕೊಟ್ಟುಬಿಟ್ಟರೂ ಎಣಿಕೆ ಬದಲಾಗುತ್ತದೆ. ಆದ್ದರಿಂದ ಸೂತ್ರ ಏನೇ ಹೇಳಲಿ, ಪೇರೋಲ್‌ನವರ ಕ್ಯಾಲೆಂಡರ್ ಕೇಳಿ ತಾಳೆ ನೋಡಿ.

ಈಗ ದುಡ್ಡಿನ ವಿಷಯ. ಕಂಪನಿ ಪ್ರತಿ ಪೇಯಲ್ಲಿ ತೆರಿಗೆ ಹಿಡಿಯುವುದು ಎಟಿಒದ ಫೋರ್ಟ್‌ನೈಟ್ ಪಟ್ಟಿ ನೋಡಿ. ವರ್ಷಕ್ಕೆ 26 ಪೇ ಎಂಬ ಲೆಕ್ಕದಲ್ಲಿ ಆ ಪಟ್ಟಿ ತಯಾರಾಗಿದೆ. ಫೋರ್ಟ್‌ನೈಟ್‌ಗೆ 4,000 ಡಾಲರ್ ಬರುವವರಿದ್ದಾರೆ ಎನ್ನಿ. ಪಟ್ಟಿಯ ಪ್ರಕಾರ ಅವರ ವರ್ಷದ ಆದಾಯ 1,04,000. ಅದಕ್ಕೆ 2026–27ರ ದರದಲ್ಲಿ ತೆರಿಗೆ ಮತ್ತು ಮೆಡಿಕೇರ್ ಲೆವಿ ಸೇರಿ 23,800, ಅಂದರೆ ಪ್ರತಿ ಪೇಯಲ್ಲಿ ಸುಮಾರು 915 ಹಿಡಿಯುತ್ತಾರೆ. 27 ಸಲ ಹಿಡಿದರೆ 24,715. ಆದರೆ ಅವರ ಕೈಗೆ ನಿಜವಾಗಿ ಬಂದ ಆದಾಯ 1,08,000, ಅದರ ತೆರಿಗೆ 25,080. ಕೊರತೆ 365 ಡಾಲರ್. ಕೊನೆಯ 4,000ಕ್ಕೆ ಬೀಳಬೇಕಾದ ದರ ಲೆವಿ ಸೇರಿ 32 ಪರ್ಸೆಂಟ್, ಹಿಡಿದದ್ದು ಸರಾಸರಿ 23ರ ಹತ್ತಿರ. ಆ ವ್ಯತ್ಯಾಸವೇ ಈ ಕೊರತೆ. ಸಂಬಳ ಹೆಚ್ಚಿದ್ದರೆ ಕೊರತೆಯೂ ಹೆಚ್ಚು.

ಇದು ದಂಡವಲ್ಲ, ಕಟ್ಟಲೇಬೇಕಿದ್ದ ತೆರಿಗೆ ತಡವಾಗಿ ಕಟ್ಟಿದಂತೆ ಅಷ್ಟೆ. ಬೇಡವೆಂದರೆ ವರ್ಷದ ಮೊದಲ ಪೇಗೆ ಮುಂಚೆಯೇ ಪ್ರತಿ ಸಲ ಇಷ್ಟು ಹೆಚ್ಚು ಹಿಡಿಯಿರಿ ಎಂದು ಪೇರೋಲ್‌ಗೆ ಬರೆದು ಕೊಡಿ. ಈ ಉದಾಹರಣೆಯಲ್ಲಿ 14 ಡಾಲರ್ ಸಾಕು. ನಡುವೆ ನೆನಪಾದರೆ ಕೊರತೆಯನ್ನು ಉಳಿದ ಪೇಗಳಿಗೆ ಭಾಗಿಸಿ. ಕೇಳದೆ ಹೆಚ್ಚು ಹಿಡಿಯುತ್ತಾರೆ ಎಂದು ನಂಬಿ ಕೂರಬೇಡಿ. ಮರೆತೇಬಿಟ್ಟರೆ, ಅಕ್ಟೋಬರ್ 31ರೊಳಗೆ ನೀವೇ ರಿಟರ್ನ್ ಹಾಕಿದಾಗ ಬಾಕಿ ಕಟ್ಟಲು ನವೆಂಬರ್ 21ರವರೆಗೆ ಗಡುವು ಇರುತ್ತದೆ.

ಇಷ್ಟೆಲ್ಲ ಆಗುವುದು ಕಂಪನಿ ವರ್ಷದ ಸಂಬಳವನ್ನು 26ರಿಂದ ಭಾಗಿಸಿದ್ದರೆ. ಕೆಲವರು ಆ ವರ್ಷ ಮಾತ್ರ 27ರಿಂದ ಭಾಗಿಸುತ್ತಾರೆ. ಆಗ 1,04,000ದವರಿಗೆ ಪ್ರತಿ ಪೇ 4,000ದ ಬದಲು 3,851.85. ವರ್ಷದ ಮೊತ್ತ ಬದಲಾಗದಿದ್ದರೂ ಪ್ರತಿ ಸಲ 148 ಡಾಲರ್ ಕಮ್ಮಿ. ಬಾಡಿಗೆ, ಮಾರ್ಟ್‌ಗೇಜ್ ಎಲ್ಲ 4,000ಕ್ಕೆ ಹೊಂದಿಸಿಕೊಂಡವರಿಗೆ ಜುಲೈಯಲ್ಲಿ ಇದು ಸಂಬಳ ಕಡಿತದಂತೆಯೇ ಕಾಣುತ್ತದೆ. ಕೇಂದ್ರ ಸರ್ಕಾರದ ಎಪಿಎಸ್ ನೌಕರಿಯಲ್ಲಿ ವರ್ಷದ ಸಂಬಳವನ್ನು 12ರಿಂದ ಗುಣಿಸಿ 313ರಿಂದ ಭಾಗಿಸುತ್ತಾರೆ. ಇದೇ ಸಂಬಳಕ್ಕೆ ಫೋರ್ಟ್‌ನೈಟ್‌ಗೆ 3,987.22 ಆಗುತ್ತದೆ. 26 ಪೇಯ ವರ್ಷದಲ್ಲಿ ಒಪ್ಪಿದ ಮೊತ್ತಕ್ಕಿಂತ 332 ಡಾಲರ್ ಕಮ್ಮಿ ಬರುತ್ತದೆ, 27ರ ವರ್ಷ ಬಂದಾಗ ಅದು ತುಂಬಿಕೊಳ್ಳುತ್ತದೆ. ಇರುವುದರಲ್ಲಿ ಇದೇ ನ್ಯಾಯವಾದ ಪದ್ಧತಿ. ನಮ್ಮೂರಿನ ತಿಂಗಳ ಸಂಬಳದಲ್ಲಿ ಈ ರಗಳೆಯೇ ಇಲ್ಲ ಎನ್ನುವುದೂ ನಿಜ. ನಿಮ್ಮಲ್ಲಿ ಎಷ್ಟರಿಂದ ಭಾಗಿಸುತ್ತಾರೆ ಎಂದು ಎಚ್‌ಆರ್‌ಗೆ ಒಂದು ಸಾಲಿನ ಮೇಲ್ ಹಾಕಿ ಕೇಳಿಬಿಡಿ.

ಟ್ಯಾಕ್ಸ್‌ಗಿಂತ ದೊಡ್ಡ ಪೆಟ್ಟು ಬೀಳಬಹುದಾದ ಎರಡು ಕಡೆ ಇವೆ. ಮಕ್ಕಳನ್ನು ಚೈಲ್ಡ್‌ಕೇರ್‌ಗೆ ಕಳಿಸುವವರು ಸಬ್ಸಿಡಿಗಾಗಿ ಸೆಂಟರ್‌ಲಿಂಕ್‌ಗೆ ಕುಟುಂಬದ ಅಂದಾಜು ಆದಾಯ ಕೊಟ್ಟಿರುತ್ತಾರೆ. ಅದನ್ನು 26 ಪೇಗೆ ಲೆಕ್ಕ ಹಾಕಿದ್ದು, ಗಂಡ ಹೆಂಡತಿ ಇಬ್ಬರಿಗೂ 27 ಬಂದರೆ, ವರ್ಷದ ಕೊನೆಯ ಹೊಂದಾಣಿಕೆಯಲ್ಲಿ ಹೆಚ್ಚು ಪಡೆದ ಸಬ್ಸಿಡಿ ಸಾಲವಾಗಿ ತಿರುಗಿ ಬರಬಹುದು. ಜುಲೈಯಲ್ಲೇ ಅಂದಾಜು ತಿದ್ದಿ. ಇನ್ನೊಂದು, ತೆರಿಗೆಗೆ ಮುಂಚೆಯೇ ಸಂಬಳದ ಒಂದು ಪಾಲನ್ನು ನಿವೃತ್ತಿ ಉಳಿತಾಯವಾದ ಸೂಪರ್‌ಗೆ ಹಾಕಿಸುವ, ಅಂದರೆ ಸ್ಯಾಲರಿ ಸ್ಯಾಕ್ರಿಫೈಸ್ ಮಾಡುವವರದು. ವರ್ಷದ ಮಿತಿಗೆ ಸರಿಯಾಗಿ ತಲುಪಲೆಂದು ಮೊತ್ತವನ್ನು 26ರಿಂದ ಭಾಗಿಸಿ ಬಿಟ್ಟಿದ್ದರೆ, ಇಪ್ಪತ್ತೇಳನೇ ಪೇಯಲ್ಲೂ ಅಷ್ಟೇ ಕಡಿತವಾಗುತ್ತದೆ, ಅದರ ಮೇಲೆ ಕಂಪನಿಯ ಪಾಲೂ ಸೇರುತ್ತದೆ. ಮಿತಿ ದಾಟಿದ ಭಾಗಕ್ಕೆ ಸೂಪರ್‌ನ 15 ಪರ್ಸೆಂಟ್ ಅನುಕೂಲ ಉಳಿಯುವುದಿಲ್ಲ, ನಿಮ್ಮ ಮಾಮೂಲಿ ದರದಲ್ಲೇ ತೆರಿಗೆ ಬೀಳುತ್ತದೆ. ಫಂಡ್‌ಗೆ ದುಡ್ಡು ತಲುಪಿದ ದಿನವೇ ಇಲ್ಲಿ ಲೆಕ್ಕಕ್ಕೆ ಬರುವುದರಿಂದ, ಜೂನ್ 30ರ ಪೇಯ ಸೂಪರ್ ಜುಲೈಗೆ ಜಾರಲೂಬಹುದು. ಹಾಗಾಗಿ ಮಿತಿಯ ಅಂಚಿಗೆ ಹೋಗದೆ, ಪೇಗೆ ಇಷ್ಟು ಎಂಬ ಮೊತ್ತವನ್ನು 27ರಿಂದಲೇ ಭಾಗಿಸಿಕೊಳ್ಳಿ. ಮೇ ತಿಂಗಳಲ್ಲಿ ಫಂಡ್‌ನ ಖಾತೆ ತೆರೆದು ಎಷ್ಟು ಜಮೆಯಾಗಿದೆ ನೋಡಿ, ಕಮ್ಮಿಯಿದ್ದರೆ ಜೂನ್ 30ಕ್ಕಿಂತ ಒಂದೆರಡು ವಾರ ಮುಂಚೆ ನೀವೇ ಒಂದಿಷ್ಟು ಹಾಕಿ, ರಿಟರ್ನ್ ಸಲ್ಲಿಸುವ ಮೊದಲು ಆ ಮೊತ್ತಕ್ಕೆ ವಿನಾಯಿತಿ ಕೇಳುತ್ತೇನೆಂದು ಫಂಡ್‌ಗೆ ನೋಟಿಸ್ ಕೊಟ್ಟುಬಿಡಿ.