ಕನ್ನಡ ಮಾಧ್ಯಮದಿಂದ ಬಂದು ಪಿಯುಸಿ ಫಿಸಿಕ್ಸ್ ಓದಿದ್ದು ಹೀಗೆ

ಹತ್ತನೇ ತರಗತಿವರೆಗೆ ಓದಿದ್ದು ಅಂಕೋಲಾ ತಾಲೂಕಿನ ನಮ್ಮೂರ ಹತ್ತಿರದ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ. ಪಿಯುಸಿ ಸೈನ್ಸಿಗೆ ಸೇರಿದ್ದು ಕುಮಟಾದಲ್ಲಿ. ನಮ್ಮ ಕಡೆಯಿಂದ ಪ್ರತಿ ವರ್ಷ ಇದೇ ದಾರಿಯಲ್ಲಿ ಮಕ್ಕಳು ಹೋಗುತ್ತಾರೆ. ಹೋದ ಮೇಲೆ ಎಲ್ಲರಿಗೂ ಸಿಗುವ ಸಲಹೆ ಒಂದೇ, "ಇಂಗ್ಲಿಷ್ ಇಂಪ್ರೂವ್ ಮಾಡ್ಕೋ". ಆದರೆ ಯಾವ ಇಂಗ್ಲಿಷ್, ಎಷ್ಟು, ಯಾವಾಗ ಅಂತ ಯಾರೂ ಹೇಳುವುದಿಲ್ಲ. ನಾನು ಫಿಸಿಕ್ಸಿಗೆ ಮಾಡಿಕೊಂಡ ವ್ಯವಸ್ಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಅಂದರೆ ಒಂದು ಲೆಕ್ಕ ಬಾರದೇ ಹೋದಾಗ ಅದು ಫಿಸಿಕ್ಸ್ ಗೊತ್ತಿಲ್ಲದೇ ಬರಲಿಲ್ಲವೋ, ಪ್ರಶ್ನೆಯ ಭಾಷೆ ಹತ್ತದೇ ಬರಲಿಲ್ಲವೋ ಅಂತ ಬೇರೆ ಮಾಡುವುದು. ಎರಡಕ್ಕೂ ಮದ್ದು ಬೇರೆ ಬೇರೆ. ಬಿ.ಎಸ್ಸಿ. ಓದುತ್ತಿದ್ದ ನಮ್ಮೂರಿನ ಒಬ್ಬ ಅಣ್ಣ ನನ್ನ ಜೊತೆ ಅದೇ ಬಸ್ಸಿಗೆ ಬರುತ್ತಿದ್ದ. ಬಾರದ ಲೆಕ್ಕವನ್ನು ಅವನಿಗೆ ಕೊಟ್ಟು, ಬಿಡಿಸಬೇಡ, ಕನ್ನಡದಲ್ಲಿ ಹೇಳು ಸಾಕು ಅಂತ ಕೇಳುತ್ತಿದ್ದೆ. ಎ ಸ್ಟೋನ್ ಡ್ರಾಪ್ಡ್ ಫ್ರಮ್ ದಿ ಟಾಪ್ ಆಫ್ ಎ ಟವರ್ ಅಂತ ಶುರುವಾಗುವ ಲೆಕ್ಕಕ್ಕೆ ಅವನು ಹೇಳಿದ್ದು ಇಷ್ಟೇ: "ಕಲ್ಲನ್ನ ಬಿಟ್ರು ತಮಾ, ಎಸೆಯಲಿಲ್ಲ. ಈಗ ಹೇಳು, u ಎಷ್ಟು?" ಸೊನ್ನೆ. ಅಷ್ಟು ಗೊತ್ತಾದ ಕೂಡಲೇ ಉಳಿದದ್ದು ನಾನೇ ಮಾಡಿದೆ, ಯಾಕಂದರೆ ಚಲನೆಯ ಸಮೀಕರಣ ಒಂಬತ್ತನೇ ತರಗತಿಯಲ್ಲೇ ಕಲಿತಿದ್ದೆ. ಅಂಥ ಲೆಕ್ಕದ ಪಕ್ಕ "ಭಾ" ಅಂತ ಬರೆಯುತ್ತಿದ್ದೆ, ಭಾಷೆಯ ತೊಡಕು ಅಂತ. ಕನ್ನಡದಲ್ಲಿ ಹೇಳಿದ ಮೇಲೂ ಬಾರದಿದ್ದರೆ "ವಿ", ಅಂದರೆ ವಿಷಯವೇ ಗೊತ್ತಿಲ್ಲ. ಒಂದು ಪಾಠ ಮುಗಿದಾಗ ಪಟ್ಟಿಯಲ್ಲಿ "ಭಾ" ಜಾಸ್ತಿ ಇದ್ದರೆ ಮುಂದಿನ ವಾರ ಇಂಗ್ಲಿಷ್ ಪದ ಬರೆದಿಡುವ ಪುಸ್ತಕಕ್ಕೆ ಹೆಚ್ಚು ಹೊತ್ತು, "ವಿ" ಜಾಸ್ತಿ ಇದ್ದರೆ ಮತ್ತೆ ಪಾಠಕ್ಕೆ. ಈ ಗುರುತು ಇಲ್ಲದಿದ್ದರೆ ಬೆಳಗಿನಿಂದ ಸಂಜೆವರೆಗೆ ಗ್ರಾಮರ್ ಓದಿಕೊಂಡು ಕೂರುವವರೂ ಇರುತ್ತಾರೆ, ತೊಂದರೆ ಇರುವುದು ವೆಕ್ಟರಿನಲ್ಲಿ.

ಇನ್ನು ತಯಾರಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಏಪ್ರಿಲ್-ಮೇ ರಜೆ ಸಿಗುತ್ತದಲ್ವಾ, ಆಗ ನಾನು ಪಿಯುಸಿ ಪುಸ್ತಕ ಮುಟ್ಟಲಿಲ್ಲ. ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕವನ್ನು ಕನ್ನಡ ಮಾಧ್ಯಮದ್ದೊಂದು, ಇಂಗ್ಲಿಷ್ ಮಾಧ್ಯಮದ್ದೊಂದು ಪಕ್ಕಪಕ್ಕ ಇಟ್ಟುಕೊಂಡೆ. ಚಲನೆ, ಬಲ ಮತ್ತು ಚಲನೆಯ ನಿಯಮಗಳು, ಗುರುತ್ವ, ಕೆಲಸ ಮತ್ತು ಶಕ್ತಿ, ಈ ಪಾಠಗಳೇ ಮೊದಲ ಪಿಯುಸಿ ಫಿಸಿಕ್ಸಿನ ಮೊದಲರ್ಧದಲ್ಲಿ ದೊಡ್ಡದಾಗಿ ಮತ್ತೆ ಬರುತ್ತವೆ. ಎರಡೂ ಪುಸ್ತಕದಲ್ಲಿ ಅದೇ ಚಿತ್ರ, ಅದೇ ಉದಾಹರಣೆ, ಅದೇ ಲೆಕ್ಕ. ಹಾಗಾಗಿ ಡಿಕ್ಷನರಿ ಬೇಕಾಗುವುದೇ ಇಲ್ಲ. ಕನ್ನಡದ ಒಂದು ಪ್ಯಾರಾ ಓದು, ಇಂಗ್ಲಿಷಿನ ಅದೇ ಪ್ಯಾರಾ ಓದು. ವೇಗೋತ್ಕರ್ಷ ಅಂದರೆ ಆಕ್ಸಿಲರೇಷನ್, ಸ್ಥಾನಪಲ್ಲಟ ಅಂದರೆ ಡಿಸ್‌ಪ್ಲೇಸ್‌ಮೆಂಟ್, ಸಂವೇಗ ಅಂದರೆ ಮೊಮೆಂಟಮ್, ರಾಶಿ ಅಂದರೆ ಮಾಸ್ ಅಂತ ಅಲ್ಲಲ್ಲೇ ಕೂಡಿಕೊಳ್ಳುತ್ತದೆ. ಎರಡೂ ಮಾಧ್ಯಮದ ಪುಸ್ತಕಗಳ ಪಿಡಿಎಫ್ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಪ್ರಿಂಟ್ ಬೇಕಿಲ್ಲ, ಮೊಬೈಲಿನಲ್ಲಿ ಇಂಗ್ಲಿಷಿನದ್ದು, ಕೈಯಲ್ಲಿ ಕನ್ನಡದ್ದು ಇದ್ದರೆ ಸಾಕು.

ಇದನ್ನು ಮಾಡಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ದೊಡ್ಡ ದೊಡ್ಡ ತಾಂತ್ರಿಕ ಪದಗಳು ನಿಜವಾಗಿ ಕಷ್ಟವಲ್ಲ. ಅವು ಪಾಠದಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತವೆ, ಲೆಕ್ಚರರ್ ಹತ್ತು ಸಲ ಹೇಳುತ್ತಾರೆ, ಪುಸ್ತಕವೇ ಅರ್ಥ ಕೊಡುತ್ತದೆ. ಕಾಲು ಹಿಡಿದು ಎಳೆಯುವುದು ಸಣ್ಣ ಪದಗಳು. ಲೈಟ್, ಸ್ಮೂತ್, ಜಸ್ಟ್, ಇನಿಷಿಯಲಿ, ರೆಸ್ಪೆಕ್ಟಿವ್ಲಿ, ನೆಗ್ಲೆಕ್ಟಿಂಗ್, ಪರ್ ಯುನಿಟ್. ಇವುಗಳ ಅರ್ಥವನ್ನು ಯಾರೂ ಬೋರ್ಡಿನ ಮೇಲೆ ಬರೆಯುವುದಿಲ್ಲ, ಆದರೆ ಲೆಕ್ಕದ ಅರ್ಧ ಮಾಹಿತಿ ಇವುಗಳಲ್ಲೇ ಅಡಗಿರುತ್ತದೆ.

ಒಂದು ಲೆಕ್ಕ ತೆಗೆದುಕೊಳ್ಳಿ. ಎರಡು ಕೆಜಿ ಮತ್ತು ಮೂರು ಕೆಜಿಯ ಎರಡು ವಸ್ತುಗಳು, ಎ ಲೈಟ್ ಇನ್‌ಎಕ್ಸ್‌ಟೆನ್ಸಿಬಲ್ ಸ್ಟ್ರಿಂಗ್ ಪಾಸಿಂಗ್ ಓವರ್ ಎ ಸ್ಮೂತ್ ಪುಲ್ಲಿ, ಅದರ ಎರಡು ತುದಿಗೆ ಕಟ್ಟಿವೆ. ವೇಗೋತ್ಕರ್ಷ ಎಷ್ಟು, ಹಗ್ಗದ ಎಳೆತ ಎಷ್ಟು? ಬಾವಿಯ ರಾಟೆ ನೋಡಿದವರಿಗೆ ಚಿತ್ರ ತಕ್ಷಣ ಬರುತ್ತದೆ. ಲೈಟ್ ಅಂದರೆ ಹಗುರ ಅಂತ ಡಿಕ್ಷನರಿ ಹೇಳುತ್ತದೆ, ಆದರೆ ಫಿಸಿಕ್ಸ್ ಲೆಕ್ಕದಲ್ಲಿ ಹಗ್ಗದ ರಾಶಿ ಸೊನ್ನೆ ಅಂತ ಹಿಡಿ ಎಂದರ್ಥ. ಸ್ಮೂತ್ ಅಂದರೆ ನುಣುಪು, ಲೆಕ್ಕದಲ್ಲಿ ಘರ್ಷಣೆ ಸೊನ್ನೆ. ಇವೆರಡೂ ಸೇರಿದ್ದರಿಂದ ಹಗ್ಗದ ಎಳೆತ ಎರಡೂ ಕಡೆ ಒಂದೇ, ಅದಕ್ಕೆ T ಅಂತ ಒಂದೇ ಅಕ್ಷರ ಸಾಕು. ಇನ್‌ಎಕ್ಸ್‌ಟೆನ್ಸಿಬಲ್ ಅಂದರೆ ಹಗ್ಗ ಹಿಗ್ಗುವುದಿಲ್ಲ, ಆದ್ದರಿಂದ ಒಂದು ವಸ್ತು ಎಷ್ಟು ಇಳಿಯುತ್ತದೋ ಇನ್ನೊಂದು ಅಷ್ಟೇ ಏರುತ್ತದೆ, a ಕೂಡ ಒಂದೇ. ಈಗ ಎರಡು ಸಾಲು ಬರೆದರಾಯಿತು, g = 10 ಅಂತ ಹಿಡಿದು:

```
30 - T = 3a
T - 20 = 2a
```

ಕೂಡಿಸಿದರೆ 10 = 5a. ಅಂದರೆ a = 2 m/s², T = 24 N. ಬೀಜಗಣಿತ ಹೈಸ್ಕೂಲ್ ಮಟ್ಟದ್ದೇ. ಮೂರು ವಿಶೇಷಣಗಳ ಅರ್ಥ ಗೊತ್ತಿಲ್ಲದಿದ್ದರೆ ಮಾತ್ರ ಈ ಎರಡು ಸಾಲು ಬರೆಯಲು ಧೈರ್ಯವೇ ಬರುವುದಿಲ್ಲ, ಯಾಕಂದರೆ ಎರಡೂ ಕಡೆ ಒಂದೇ T ಯಾಕೆ ಅನ್ನುವುದೇ ಹೊಳೆಯುವುದಿಲ್ಲ.

ಹಾಗಾಗಿ ನನ್ನ ಪದದ ಪುಸ್ತಕದಲ್ಲಿ ನಾಲ್ಕು ಕಂಬ, ಅಂದರೆ ಕಾಲಂ ಇದ್ದವು. ಪದ, ಅದು ಬಂದ ಇಡೀ ವಾಕ್ಯ, ಕನ್ನಡದಲ್ಲಿ ಅರ್ಥ, ಮತ್ತು ಕೊನೆಯದು "ಲೆಕ್ಕದಲ್ಲಿ ಏನು ಮಾಡಬೇಕು". ಸ್ಟಾರ್ಟ್ಸ್ ಫ್ರಮ್ ರೆಸ್ಟ್ ಎದುರು u = 0. ಕಮ್ಸ್ ಟು ರೆಸ್ಟ್ ಎದುರು v = 0. ರೇಟ್ ಆಫ್ ಅಂತ ಬಂದರೆ ಸಮಯದಿಂದ ಭಾಗಿಸು. ಈ ನಾಲ್ಕನೇ ಕಂಬವೇ ಮುಖ್ಯ, ಅದಿಲ್ಲದಿದ್ದರೆ ಅದು ಸುಮ್ನೆ ಒಂದು ಡಿಕ್ಷನರಿ. ಪದಗಳನ್ನು ಪಾಠದ ಮಧ್ಯದಿಂದ ಅಲ್ಲ, ಪಾಠದ ಹಿಂದಿನ ಲೆಕ್ಕಗಳಿಂದ ಆರಿಸುತ್ತಿದ್ದೆ, ಪರೀಕ್ಷೆಯಲ್ಲಿ ಎದುರಾಗುವುದು ಆ ಭಾಷೆಯೇ. ದಿನಕ್ಕೆ ಎಂಟಕ್ಕಿಂತ ಹೆಚ್ಚು ಹೊಸ ಪದ ಬರೆಯಬಾರದು ಅಂತ ಇಟ್ಟುಕೊಂಡಿದ್ದೆ. ಬರೆದದ್ದನ್ನು ಮರುದಿನ ಒಮ್ಮೆ, ಮುಂದಿನ ಭಾನುವಾರ ಒಮ್ಮೆ, ಬಲಗಡೆಯ ಎರಡು ಕಂಬ ಕೈಯಿಂದ ಮುಚ್ಚಿ ಹೇಳಿಕೊಳ್ಳುವುದು. ಮರೆತ ಪದಕ್ಕೆ ಚುಕ್ಕೆ. ಮೂರು ಚುಕ್ಕೆ ಬಿದ್ದ ಪದಕ್ಕೆ ಅದೇ ಪದ ಇರುವ ಇನ್ನೊಂದು ಲೆಕ್ಕ ಹುಡುಕಿ ಬಿಡಿಸುತ್ತಿದ್ದೆ, ಬಾಯಿಪಾಠದಿಂದ ಅಂಥ ಪದಗಳು ನಿಲ್ಲುವುದಿಲ್ಲ.

ಪದ ಗೊತ್ತಿದ್ದೂ ವಾಕ್ಯ ಬಿಚ್ಚಿಕೊಳ್ಳದೇ ಇರುವುದು ಇನ್ನೊಂದು ತೊಡಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿವರಣೆ ಮೊದಲು ಬರುತ್ತದೆ: ಗೋಪುರದ ತುದಿಯಿಂದ ಬಿಟ್ಟ ಕಲ್ಲು ನೆಲ ಮುಟ್ಟಿತು. ಇಂಗ್ಲಿಷಿನಲ್ಲಿ ಕಲ್ಲು ಮೊದಲು, ಬಿಟ್ಟದ್ದು ಆಮೇಲೆ, ಮುಟ್ಟಿದ್ದು ಅದಕ್ಕೂ ಆಮೇಲೆ. ಡ್ರಾಪ್ಡ್, ರೀಚಸ್ ಎರಡೂ ಕ್ರಿಯೆಯ ಹಾಗೇ ಕಾಣುತ್ತವೆ, ಯಾವುದು ವಾಕ್ಯದ ಮುಖ್ಯ ಕ್ರಿಯೆ ಅಂತ ತಿಳಿಯುವುದಿಲ್ಲ. ನಾನು ಪೆನ್ಸಿಲ್ ಹಿಡಿದು ಮುಖ್ಯ ಕ್ರಿಯಾಪದಕ್ಕೆ ಎರಡು ಗೆರೆ ಎಳೆಯುತ್ತಿದ್ದೆ, ಕಲ್ಲಿನ ಬಗ್ಗೆ ಸುಮ್ನೆ ವಿವರ ಕೊಡುವ ತುಂಡಿಗೆ ಕಂಸ ಹಾಕುತ್ತಿದ್ದೆ. ನ್ಯೂಟನ್ನನ ಎರಡನೇ ನಿಯಮವನ್ನೂ ಹೀಗೇ ಬಿಚ್ಚಿದೆ. ದಿ ರೇಟ್ ಆಫ್ ಚೇಂಜ್ ಆಫ್ ಮೊಮೆಂಟಮ್ ಅನ್ನುವಲ್ಲಿ ಎರಡು "ಆಫ್" ಇವೆ, ಕನ್ನಡಕ್ಕೆ ಹಿಂದಿನಿಂದ ಬರಬೇಕು: ಸಂವೇಗದ, ಬದಲಾವಣೆಯ, ದರ. ವಾಕ್ಯದ ಕೊನೆಯ ತುಂಡು, ಟೇಕ್ಸ್ ಪ್ಲೇಸ್ ಇನ್ ದಿ ಡೈರೆಕ್ಷನ್ ಅಂತ ಬರುವುದು, ಬದಲಾವಣೆ ಬಲದ ದಿಕ್ಕಿನಲ್ಲೇ ಆಗುತ್ತದೆ ಅಂತ ಹೇಳುತ್ತದೆ. ಇದು ಅರ್ಥವಾಗದೇ ನಿಯಮವನ್ನು ಉರು ಹೊಡೆದವರಿಗೆ ಪರೀಕ್ಷೆಯಲ್ಲಿ ನಡುವೆ ಒಂದು ಪದ ಮರೆತರೆ ಮುಂದಿನದ್ದೆಲ್ಲ ಹೋಯಿತು. ಅರ್ಥವಾದವರು ತಮ್ಮದೇ ಸಣ್ಣ ವಾಕ್ಯ ಕಟ್ಟಿಯಾದರೂ ಬರೆಯಬಹುದು.

ದಿನಚರಿ ಬಹಳ ಸರಳ. ಬೆಳಿಗ್ಗೆ ಬಸ್ಸಿನಲ್ಲಿ ಪದದ ಪುಸ್ತಕ, ಅಷ್ಟೇ. ಜೂನ್-ಜುಲೈ ಮಳೆಯಲ್ಲಿ ಶಟರ್ ಎಲ್ಲ ಇಳಿಸಿ ಒಳಗೆ ಕತ್ತಲೆ, ಆಗ ಬಾಯಲ್ಲಿ ಹೇಳಿಕೊಳ್ಳುವುದು. ಸಂಜೆ ಆ ದಿನ ಆದ ಪಾಠದ ಇಂಗ್ಲಿಷ್ ಪುಟಗಳನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ಕನ್ನಡದಲ್ಲಿ ಜೋರಾಗಿ ಹೇಳುವುದು, ಆಮೇಲೆ ಎರಡು-ಮೂರು ಲೆಕ್ಕ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಹೋಯಿತು, ಹಾಗಾಗಿ ಬರೆಯುವ ಕೆಲಸ ಬೆಳಕಿದ್ದಾಗಲೇ ಮುಗಿಸಿ, ಹೇಳುವ ಕೆಲಸವನ್ನು ಕತ್ತಲೆಗೆ ಬಿಡುತ್ತಿದ್ದೆ.

ಬೇರೆ ವಿಷಯಗಳಿಗೆ ಇದು ಹಾಗೇ ಹೊಂದುವುದಿಲ್ಲ. ಗಣಿತದಲ್ಲಿ ಭಾಷೆಯ ತೊಡಕು ಕಡಿಮೆ, ಸಂಭವನೀಯತೆಯ ಪಾಠ ಬಿಟ್ಟು. ಅಲ್ಲಿ ಅಟ್ ಲೀಸ್ಟ್ ಟೂ ಅಂದರೆ ಎರಡು ಅಥವಾ ಹೆಚ್ಚು, ಅಟ್ ಮೋಸ್ಟ್ ಟೂ ಅಂದರೆ ಸೊನ್ನೆ, ಒಂದು, ಎರಡು, ಇದನ್ನು ಸಂಖ್ಯೆಯಾಗಿಯೇ ಬರೆದುಕೊಳ್ಳಬೇಕು. ಜೀವಶಾಸ್ತ್ರದ ಕಥೆ ಬೇರೆಯೇ, ಅಲ್ಲಿ ಪದಗಳೇ ಪಾಠ. ಹೈಡ್ರೋ ಅಂದರೆ ನೀರು, ಲೈಸಿಸ್ ಅಂದರೆ ಒಡೆಯುವುದು ಅಂತ ಪದದ ತುಂಡುಗಳನ್ನು ಕಲಿತರೆ ಹೆಚ್ಚು ಲಾಭ.

ಎರಡನೇ ಪಿಯುಸಿಗೆ ಬಂದಾಗ ಕನ್ನಡದ ಕಂಬವನ್ನು ನಿಧಾನವಾಗಿ ಬಿಟ್ಟೆ. ವಿಭವಾಂತರ, ರೋಧ ಇವೆಲ್ಲ ಹತ್ತನೇ ತರಗತಿಯಲ್ಲೇ ಕನ್ನಡದಲ್ಲಿ ಗೊತ್ತಿದ್ದವು, ಅವುಗಳಿಗೆ ಕನ್ನಡ ಬರೆದೆ. ಆದರೆ ಎಲೆಕ್ಟ್ರಿಕ್ ಫ್ಲಕ್ಸ್‌ನಂಥದ್ದನ್ನು ನಾನು ಕಲಿತದ್ದೇ ಇಂಗ್ಲಿಷಿನಲ್ಲಿ. ಅದಕ್ಕೆ ಪದಕೋಶದಿಂದ ಹೊಸ ಕನ್ನಡ ಪದ ಹುಡುಕಿ ತಂದರೆ ಕಲಿಯಬೇಕಾದ ಪದ ಒಂದರ ಬದಲು ಎರಡಾಗುತ್ತದೆ. ಅಂಥ ಕಡೆ ಮೂರನೇ ಕಂಬದಲ್ಲಿ ಪದದ ಬದಲು ಚಿತ್ರ ಬಿಡಿಸಿದೆ: ಒಂದು ಚೌಕ, ಅದನ್ನು ಹಾದು ಹೋಗುವ ಗೆರೆಗಳು. ಚೌಕವನ್ನು ಓರೆ ಮಾಡಿದರೆ ಹಾದು ಹೋಗುವ ಗೆರೆ ಕಡಿಮೆ, ಸೂತ್ರದಲ್ಲಿ cos θ ಬರುವುದು ಅದಕ್ಕೇ. ಕನ್ನಡದಲ್ಲಿ ವಿವರಿಸಿಕೊಳ್ಳುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. "ಫ್ಲಕ್ಸ್ ಯಾಕೆ ಕಡಿಮೆ ಆಯ್ತು ಅಂದ್ರೆ ಚೌಕ ಓರೆ ಆಯ್ತು" ಅಂತ ಹೇಳಲು ಬಂದರೆ ಆ ಪಾಠದಲ್ಲಿ ಮುಂದೆ ಹೋಗುತ್ತಿದ್ದೆ, ಬಾರದಿದ್ದರೆ ಅಲ್ಲೇ "ವಿ" ಬರೆದು ಮರುದಿನ ಸರ್ ಹತ್ತಿರ ಕೇಳುತ್ತಿದ್ದೆ.