ಮುಖದ ಸ್ಟಿರಾಯ್ಡ್ ಕ್ರೀಮ್ ನಾನು ಬಿಡಿಸುವ ಬಗೆ

ನಾನು ಚರ್ಮರೋಗ ವೈದ್ಯೆ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಮುಖ ಕೆಂಪಾಗಿದೆ, ಮೊಡವೆ ಜಾಸ್ತಿಯಾಗಿದೆ ಅಂತ ಬಂದವರನ್ನು "ಏನಾದ್ರೂ ಔಷಧಿ ಹಚ್ಚಿದ್ದೀರಾ?" ಎಂದು ಕೇಳಿದರೆ "ಇಲ್ಲ ಮೇಡಂ" ಎನ್ನುತ್ತಾರೆ. "ರಾತ್ರಿ ಮಲಗೋ ಮುಂಚೆ ಏನು ಹಚ್ಚಿಕೊಳ್ತೀರಿ?" ಎಂದು ಕೇಳಿದರೆ ಬ್ಯಾಗಿನಿಂದ ಟ್ಯೂಬ್ ಹೊರಗೆ ಬರುತ್ತದೆ. ಅವರ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ, ಬೆಳ್ಳಗಾಗುವ ಕ್ರೀಮ್.

ಹೀಗೆ ಬಂದ ಒಬ್ಬಳ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 24, ಖಾಸಗಿ ಶಾಲೆಯಲ್ಲಿ ಟೀಚರ್. ಕೆನ್ನೆ ಮೇಲಿನ ಕಪ್ಪು ಕಲೆಗೆ ಅಂತ ಅತ್ತಿಗೆ ಕೊಟ್ಟ ಟ್ಯೂಬನ್ನು ಒಂದೂವರೆ ವರ್ಷದಿಂದ ದಿನಾ ರಾತ್ರಿ ಇಡೀ ಮುಖಕ್ಕೆ ಹಚ್ಚುತ್ತಿದ್ದಳು. ಟ್ಯೂಬ್ ಮೇಲೆ ಸಣ್ಣ ಅಕ್ಷರದಲ್ಲಿ ಮೂರು ಹೆಸರಿದ್ದವು: ಹೈಡ್ರೋಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಾಸೋನ್ 0.1%. ಕೊನೆಯದು ಸ್ಟಿರಾಯ್ಡ್. ಈ ಮಿಶ್ರಣ ಸುಳ್ಳು ಔಷಧಿಯೇನಲ್ಲ. ಬಂಗು ಎನ್ನುವ ಈ ಕಪ್ಪು ಕಲೆಗೆ ನಾವೂ ಬರೆಯುತ್ತೇವೆ, ಆದರೆ ಕಲೆ ಇರುವ ಕಡೆ ಮಾತ್ರ, ಕೆಲವೇ ವಾರ. ಸ್ಟಿರಾಯ್ಡ್ ಹೆಸರುಗಳಲ್ಲಿ ಹಲವು 'ಸೋನ್' ಅಂತ ಮುಗಿಯುತ್ತವೆ. ಕ್ಲೊಬೆಟಸಾಲ್, ಫ್ಲೂಸಿನೊಲೋನ್ ಕೂಡ ಸ್ಟಿರಾಯ್ಡೇ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೂ ಇವಳ ಟ್ಯೂಬ್‌ಗೆ ಯಾರೂ ಚೀಟಿ ಕೇಳಿರಲಿಲ್ಲ.

"ಹಚ್ಚಿದ ಮೂರೇ ದಿನಕ್ಕೆ ಬೆಳ್ಳಗಾದೆ" ಎಂದಳು. ಆ ಮಾತೇ ಒಂದು ಸುಳಿವು. ಹೈಡ್ರೋಕ್ವಿನೋನ್‌ನಿಂದ ಬಣ್ಣ ತಿಳಿಯಾಗಲು ವಾರಗಟ್ಟಲೆ ಬೇಕು. ಮೂರು ದಿನಕ್ಕೆ ಕಾಣುವ ಬಿಳುಪು ಹೆಚ್ಚಾಗಿ ಸ್ಟಿರಾಯ್ಡಿನದು. ಅದು ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ರಕ್ತ ಕಡಿಮೆಯಾಗಿ ಮುಖ ಬಿಳುಚಿಕೊಳ್ಳುತ್ತದೆ. ಇದ್ದ ಮೊಡವೆಯ ಕೆಂಪು, ಊತವೂ ಅಡಗುತ್ತದೆ. ಹಾಗಾಗಿ ಮೊದಲ ತಿಂಗಳು ಎಲ್ಲರಿಗೂ ಖುಷಿ.

ಒಳಗೆ ನಡೆಯುವುದು ಬೇರೆ. ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ತಯಾರಾಗುವುದನ್ನು ಸ್ಟಿರಾಯ್ಡ್ ತಗ್ಗಿಸುತ್ತದೆ. ಮೇಲ್ಪದರವೂ ತೆಳುವಾಗುತ್ತದೆ. ಅವಳ ಕೆನ್ನೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಗ್ಗಿಸಿ ಲೆನ್ಸ್ ಇಟ್ಟು ನೋಡಿದೆ. ಕೆಂಪು ನೂಲಿನಂಥ ರಕ್ತನಾಳಗಳು ಎದ್ದು ಕಾಣುತ್ತಿದ್ದವು. ಗಲ್ಲದ ಮೇಲೆ, ದವಡೆಯ ಅಂಚಿನಲ್ಲಿ ಸಣ್ಣ ಕೆಂಪು ಗುಳ್ಳೆಗಳು, ಎಲ್ಲವೂ ಒಂದೇ ಅಳತೆಯವು. ಮಾಮೂಲಿ ಮೊಡವೆಯಾದರೆ ನಡುವೆ ಕಪ್ಪು ತಲೆ, ಬಿಳಿ ತಲೆಯ ಕಾಳುಗಳೂ ಇರುತ್ತವೆ. ಇಲ್ಲಿ ಅವು ಇರಲೇ ಇಲ್ಲ. ಬಾಯಿ ಸುತ್ತ ಗುಳ್ಳೆಗಳಿದ್ದರೂ ತುಟಿಯಂಚಿಗೆ ಅಂಟಿದ ಒಂದು ಸಣ್ಣ ಪಟ್ಟಿ ಮಾತ್ರ ಶುಭ್ರವಾಗಿತ್ತು. ಕೆನ್ನೆಯಲ್ಲಿ ನಯವಾದ ಕೂದಲು ಹೆಚ್ಚಾಗಿತ್ತು. ಬಿಸಿಲಿಗೆ ಹೋದರೆ, ಒಲೆ ಮುಂದೆ ನಿಂತರೆ ಉರಿ.

"ಎರಡು ಸಲ ಬಿಟ್ಟು ನೋಡಿದೆ ಮೇಡಂ. ನಾಲ್ಕು ದಿನಕ್ಕೆ ಮುಖ ಬೆಂಕಿ. ಮತ್ತೆ ಹಚ್ಚಿದೆ, ತಣ್ಣಗಾಯ್ತು. ನನಗೆ ಈ ಕ್ರೀಮೇ ಆಗಿಬರೋದು ಅಂತ ಕಾಣುತ್ತೆ."

ನನ್ನ ಅನುಭವದಲ್ಲಿ ಜನ ಸಿಕ್ಕಿಬೀಳುವುದು ಇಲ್ಲೇ. ದಿನಾ ಕುಗ್ಗಿಸಿಟ್ಟಿದ್ದ ರಕ್ತನಾಳಗಳು ಕ್ರೀಮ್ ನಿಂತ ಮೇಲೆ ಅತಿಯಾಗಿ ಹಿಗ್ಗುತ್ತವೆ, ಅಡಗಿದ್ದ ಉರಿಯೂತ ಒಟ್ಟಿಗೆ ಮೇಲೆ ಬರುತ್ತದೆ. ಸಾಮಾನ್ಯವಾಗಿ ಮೂರರಿಂದ ಹತ್ತು ದಿನದೊಳಗೆ ಇದು ಶುರು. ನೋಡುವವರಿಗೆ ಕ್ರೀಮ್ ಬಿಟ್ಟಿದ್ದಕ್ಕೆ ಮುಖ ಹಾಳಾಯಿತು ಅನ್ನಿಸುತ್ತದೆ. ಹಾಗಾಗಿ ಚೀಟಿ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಈಗಿರುವುದಕ್ಕಿಂತ ಕೆಟ್ಟದಾಗಿ ಕಾಣುವ ಕೆಲವು ವಾರ ಬರುತ್ತವೆ, ಅದು ನಿಮ್ಮ ನಿಜವಾದ ಮುಖವಲ್ಲ. ಮನೆಯವರನ್ನೂ ಕರೆಸಿ ಹೇಳುತ್ತೇನೆ, ಯಾಕೆಂದರೆ "ಅದನ್ನೇ ಹಚ್ಚು, ಚೆನ್ನಾಗಿತ್ತು" ಎನ್ನುವವರು ಅವರೇ. ಇವಳಿಗೆ ಮೂರು ತಿಂಗಳಲ್ಲಿ ಅಣ್ಣನ ಮದುವೆ ಇತ್ತು. ಆ ದಿನದ ಫೋಟೋದಲ್ಲಿ ಮುಖ ಪೂರ್ತಿ ಸರಿಯಾಗಿರುತ್ತದೆ ಅಂತ ನಾನು ಮಾತು ಕೊಡಲಿಲ್ಲ.

ಒಂದೆರಡು ತಿಂಗಳಷ್ಟೇ ಹಚ್ಚಿದವರಿಗೆ ನಾನು ಒಮ್ಮೆಗೇ ನಿಲ್ಲಿಸಲು ಹೇಳುತ್ತೇನೆ. ವರ್ಷಗಟ್ಟಲೆ ಹಚ್ಚಿದವರಿಗೆ ಮೆಟ್ಟಿಲು ಇಳಿಸಿದ ಹಾಗೆ ಇಳಿಸುತ್ತೇನೆ. ಇವಳ ಟ್ಯೂಬನ್ನು ಅವತ್ತೇ ನಿಲ್ಲಿಸಿ, ತುಂಬಾ ಸೌಮ್ಯವಾದ ಸ್ಟಿರಾಯ್ಡ್, ಹೈಡ್ರೋಕಾರ್ಟಿಸೋನ್ 1% ಕೊಟ್ಟೆ. ಎರಡು ವಾರ ದಿನಾ ರಾತ್ರಿ, ಆಮೇಲೆ ಎರಡು ವಾರ ದಿನ ಬಿಟ್ಟು ದಿನ, ಕೊನೆಯ ಎರಡು ವಾರ ವಾರಕ್ಕೆ ಎರಡೇ ಸಲ, ನಂತರ ಪೂರ್ತಿ ಬಂದ್. ಮೂರನೇ ವಾರದಿಂದ, ಅದನ್ನು ಹಚ್ಚದ ರಾತ್ರಿಗಳಲ್ಲಿ ಟ್ಯಾಕ್ರೋಲಿಮಸ್ 0.03%. ಇದು ಸ್ಟಿರಾಯ್ಡ್ ಅಲ್ಲ, ಉರಿಯೂತ ತಗ್ಗಿಸುತ್ತದೆ, ಚರ್ಮವನ್ನು ತೆಳು ಮಾಡುವುದಿಲ್ಲ. ಮೊದಲ ಕೆಲವು ದಿನ ಚುರುಗುಟ್ಟುತ್ತದೆ, ಅದನ್ನು ಮುಂಚೆಯೇ ಹೇಳದಿದ್ದರೆ ಟ್ಯೂಬ್ ಮೂಲೆ ಸೇರುತ್ತದೆ.

ಗುಳ್ಳೆಗಳಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೊಂದು, ಎಂಟು ವಾರ. ಊಟವಾದ ಮೇಲೆ ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು. ನುಂಗಿ ಕೂಡಲೇ ಮಲಗಿದರೆ ಅನ್ನನಾಳ ಸುಡುತ್ತದೆ. ಗರ್ಭಿಣಿಯರಿಗೆ ಇದು ಬೇಡವೇ ಬೇಡ, ಅವರಿಗೆ ಬೇರೆ ದಾರಿ ಹಿಡಿಯುತ್ತೇನೆ. ಹಾಗಾಗಿ ಇದನ್ನೆಲ್ಲ ಓದಿ ಅಂಗಡಿಯಲ್ಲಿ ಕೇಳಿ ತಗೊಳ್ಳಬೇಡಿ, ಯಾರಿಗೆ ಯಾವುದು ಅಂತ ನೋಡಿಯೇ ಹೇಳಬೇಕು. ಕ್ರೀಮ್ ಕಣ್ಣಿನ ರೆಪ್ಪೆಗೂ ಹೋಗುತ್ತಿದ್ದರೆ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸುತ್ತೇನೆ. ಅಂಚು ಎದ್ದ, ತುರಿಸುವ ಮಚ್ಚೆ ಕಂಡರೆ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಸ್ಟಿರಾಯ್ಡಿನ ಮರೆಯಲ್ಲಿ ಹುಳಕಡ್ಡಿ ಬೆಳೆದಿರಬಹುದು, ಅದಕ್ಕೆ ಚಿಕಿತ್ಸೆಯೇ ಬೇರೆ.

ಮನೆಯಲ್ಲಿ ಮಾಡುವುದು ಕಡಿಮೆ ಇದ್ದಷ್ಟೂ ಒಳ್ಳೆಯದು. ಸೋಪಿಲ್ಲದ ಕ್ಲೆನ್ಸರ್, ವಾಸನೆ ಹಾಕದ ಮಾಯಿಶ್ಚರೈಸರ್, ಉರಿ ಹೆಚ್ಚಾದಾಗ ತಣ್ಣೀರಿನ ಒದ್ದೆ ಬಟ್ಟೆ. ಕಡಲೆಹಿಟ್ಟು, ನಿಂಬೆರಸ, ಫೇಶಿಯಲ್, ಬ್ಲೀಚ್, ಹಬೆ ಎಲ್ಲ ನಿಲ್ಲಬೇಕು. ಉರಿ ಇಳಿಯುವವರೆಗೆ ಕೊಡೆ, ಆಮೇಲೆ ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್. ವಾರಕ್ಕೊಂದು ಫೋಟೋ, ಒಂದೇ ಕಿಟಕಿಯ ಬೆಳಕಿನಲ್ಲಿ. ದಿನಾ ಕನ್ನಡಿ ನೋಡುವವರಿಗೆ ಸುಧಾರಣೆ ಗೊತ್ತಾಗುವುದಿಲ್ಲ.

ಎರಡನೇ ವಾರ ಅವಳು ಫೋನ್ ಮಾಡಿ ಅತ್ತಳು. ಮುಖ ಕೆಂಪಾಗಿ ಊದಿತ್ತು. ಜ್ವರ ಇದೆಯಾ, ಕೀವು ಇದೆಯಾ, ಹಳದಿ ನೀರು ಸೋರುತ್ತಿದೆಯಾ ಅಂತ ಕೇಳಿದೆ. ಯಾವುದೂ ಇರಲಿಲ್ಲ. ಇದ್ದಿದ್ದರೆ ಸೋಂಕು ಅಂತ ಕೂಡಲೇ ಬರಹೇಳುತ್ತಿದ್ದೆ. ಔಷಧಿ ಬದಲಿಸಲಿಲ್ಲ, ಒದ್ದೆ ಬಟ್ಟೆ ಹೆಚ್ಚು ಸಲ ಇಡಲು ಹೇಳಿದೆ. ನಾಲ್ಕನೇ ವಾರದ ಫೋಟೋದಲ್ಲಿ ಕೆಂಪು ಇಳಿದಿತ್ತು. ಎಂಟನೇ ವಾರಕ್ಕೆ ಹೊಸ ಗುಳ್ಳೆ ನಿಂತವು. ಎಲ್ಲರಿಗೂ ಇಷ್ಟು ಬೇಗ ಆಗುವುದಿಲ್ಲ, ಕೆಲವರಿಗೆ ಆರು ತಿಂಗಳೂ ಹಿಡಿಯುತ್ತದೆ.

ಚರ್ಮದ ದಪ್ಪ ನಿಧಾನವಾಗಿ, ಭಾಗಶಃ ಮರಳುತ್ತದೆ. ಹಿಗ್ಗಿದ ರಕ್ತನಾಳಗಳಲ್ಲಿ ಕೆಲವು ಉಳಿದವು, ಅವುಗಳಿಗೆ ಬೇಕೆನಿಸಿದರೆ ಲೇಸರ್ ಇದೆ. ಮೊದಲಿನ ಬಂಗೂ ಮತ್ತೆ ಕಂಡಿತು, ಕ್ರೀಮ್ ಅದನ್ನು ವಾಸಿ ಮಾಡಿರಲೇ ಇಲ್ಲ. ಮುಖ ತಣ್ಣಗಾದ ಮೇಲೆ ಅದಕ್ಕೆ ಅಝೆಲೈಕ್ ಆಸಿಡ್ 10% ಶುರು ಮಾಡಿದ್ದೇವೆ, ಮೊದಲು ದಿನ ಬಿಟ್ಟು ದಿನ, ಕಲೆಯ ಮೇಲೆ ಮಾತ್ರ.