ಟೀ ಶರ್ಟ್ ಫೋಟೋಕ್ಕೆ ಬ್ಲೇಜರ್ ತೊಡಿಸುವಾಗ

ಉದ್ಯೋಗದ ಪ್ರೊಫೈಲ್‌ಗಾಗಿ ಟೀ ಶರ್ಟ್ ಫೋಟೋದ ಮೇಲೆ ಶರ್ಟು, ಬ್ಲೇಜರ್ ಕೂರಿಸಿದಾಗ ಗುಟ್ಟು ರಟ್ಟಾಗುವುದು ಹೆಚ್ಚಾಗಿ ಕುತ್ತಿಗೆಯ ಬಳಿ. ಮೇಲಿನ ಗುಂಡಿ ಹಾಕಿರುವ ಶರ್ಟಿನ ಚಿತ್ರವನ್ನೇ ಆರಿಸಿ. ಕಾಲರ್ ತೆರೆದಿದ್ದರೆ ಒಳಗಿನ ಟೀ ಶರ್ಟಿನ ಅಂಚು ಇಣುಕುತ್ತದೆ, ಅಲ್ಲಿ ಇಲ್ಲದ ಚರ್ಮವನ್ನು ನೀವೇ ಬರೆಯಬೇಕಾಗುತ್ತದೆ.

ಮೂಗಿನ ನೆರಳು ಬಿದ್ದಿರುವ ದಿಕ್ಕನ್ನೂ ಗಮನಿಸಿ. ಬ್ಲೇಜರ್‌ನ ಮಡಿಕೆಗಳ ನೆರಳು ಅದೇ ಕಡೆ ಇರಬೇಕು. ಇಲ್ಲವೆಂದು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ಗುಂಡಿಯ ಬದಿಯೂ ಎದೆಯ ಜೇಬೂ ಅದಲುಬದಲಾಗುತ್ತವೆ. ಬೇರೆ ಚಿತ್ರ ಹುಡುಕುವುದೇ ಮೇಲು.

ಕಾಲರ್‌ನ ಹಿಂಪಟ್ಟಿಯನ್ನು ಕುತ್ತಿಗೆಯ ಹಿಂದಕ್ಕೆ ಸರಿಸಿ. ಕೊನೆಗೆ ಹೊಸ ಲೇಯರ್ ತೆರೆದು, ಅದರ ಬ್ಲೆಂಡ್ ಮೋಡ್ ಅನ್ನು ಮಲ್ಟಿಪ್ಲೈಗೆ ಬದಲಿಸಿ, ಗಲ್ಲದ ಕೆಳಗೆ ಕಾಲರ್ ಮೇಲೆ ಮೃದು ಬ್ರಷ್‌ನಿಂದ ತೆಳುವಾದ ನೆರಳು ಹಚ್ಚಿ. ಈ ನೆರಳಿಲ್ಲದಿದ್ದರೆ ತಲೆ ಅಂಟಿಸಿದಂತೆಯೇ ಕಾಣುತ್ತದೆ.